ಎರಡು ವಾರಗಳ ಉಬ್ಬರವನ್ನು ಕಳೆದ ಮೇಲಿನ ಲೆಕ್ಕ

ಬದಿಯಡ್ಕ ಕಡೆಯ ನಮ್ಮ ಅಡಿಕೆ ತೋಟದ ಮಣ್ಣು ತಾನಾಗಿ ಎಷ್ಟು ಸಾರಜನಕ ಬಿಡುತ್ತದೆಂದು ಅಳೆಯಲು ಇಟ್ಟ ಇನ್‌ಕ್ಯುಬೇಷನ್ ಕೊನೆಗೂ ನಂಬಬಹುದಾದ ಅಂಕಿಗೆ ಬಂದಿದೆ. 35 ಡಿಗ್ರಿ ಶಾಖ, ನೀರು ಹಿಡಿಯುವ ಶಕ್ತಿಯ ಶೇಕಡಾ 60ರಷ್ಟು ತೇವ, 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ನಿಂದ ತೊಳೆಯುವುದು, ಇವೆಲ್ಲ ಗೊತ್ತಿರುವ ಕ್ರಮಗಳೇ. ಪೂರೈಕೆದಾರರು ಕಳುಹಿಸಿದ ಫಿಲ್ಟರ್ ಕಾಗದದಲ್ಲೇ ಅಮೋನಿಯಂ ಇದ್ದುದರಿಂದ ಮಣ್ಣಿಲ್ಲದ ಬ್ಲ್ಯಾಂಕ್ ಕೂಡ ಬಣ್ಣ ತೋರಿಸುತ್ತಿತ್ತು. ಕಾಗದವನ್ನು ತೊಳೆದೇ ಬಳಸಬೇಕಾಯಿತು. ಶುದ್ಧವೆಂದು ಬೆಲೆ ಹಾಕಿ ಮಾರುವವರು ಇಷ್ಟನ್ನು ನೋಡಿಕೊಳ್ಳಬೇಕಿತ್ತು.

ನಿಜವಾಗಿ ಸತಾಯಿಸಿದ್ದು ಮೊದಲ ಎರಡು ವಾರ. ನೆರಳಲ್ಲಿ ಒಣಗಿಸಿ ಜರಡಿ ಹಿಡಿದ ಮಣ್ಣು ಆ ಅವಧಿಯಲ್ಲೇ ಕಿಲೋಗೆ 28 ಮಿಲಿಗ್ರಾಂ ಸಾರಜನಕ ಬಿಟ್ಟಿತು, ಮುಂದಿನ ಆರು ವಾರಗಳಲ್ಲಿ ಬಿಟ್ಟದ್ದು 25 ಮಾತ್ರ. ಒಣಗಿಸದೆ ಹಸಿಯಾಗಿಯೇ ಇಟ್ಟ ಅದೇ ಮಣ್ಣಿನಲ್ಲಿ ಮೊದಲ ಎರಡು ವಾರದ ಅಂಕಿ ಸುಮಾರು 10ರಷ್ಟಿದ್ದು, ಆಮೇಲೆ ಎರಡೂ ಒಂದೇ ವೇಗದಲ್ಲಿ ಸಾಗಿದವು. ಒಣಗಿದಾಗ ಸತ್ತ ಸೂಕ್ಷ್ಮಜೀವಿಗಳ ದೇಹ ನೀರು ಬಿದ್ದೊಡನೆ ಕೊಳೆತು ಬರುವ ಉಬ್ಬರವಿದು. ನಮ್ಮ ಹುಳಿ ಮಣ್ಣಿನಲ್ಲಿ ಅಮೋನಿಯಂ ನೈಟ್ರೇಟಾಗಲು ತಡವಾಗುವುದರಿಂದ ಎರಡನ್ನೂ ಕೂಡಿಸಿಯೇ ಈ ಅಂಕಿಗಳನ್ನು ಬರೆದಿದ್ದೇನೆ.

ಸ್ಟ್ಯಾನ್‌ಫರ್ಡ್ ಮತ್ತು ಸ್ಮಿತ್ 1972ರಲ್ಲಿ ಕೊಟ್ಟ ಸೂತ್ರದಲ್ಲಿ Nt ಎಂದರೆ t ವಾರಗಳಲ್ಲಿ ಮಣ್ಣು ಬಿಟ್ಟ ಸಾರಜನಕ, N0 ಎಂದರೆ ಅದು ಒಟ್ಟಾರೆ ಬಿಡಬಲ್ಲ ಸಾರಜನಕ, k ಎಂದರೆ ಬಿಡುವ ವೇಗ:

```
Nt = N0 (1 - e^(-kt))
```

ಅವರ ಸರಾಸರಿ k, ಅಂದರೆ ವಾರಕ್ಕೆ 0.054, ಹಿಡಿದರೆ ಉಬ್ಬರ ಬಿಟ್ಟ ಆರು ವಾರದ 25ರಿಂದ N0 ಸುಮಾರು 90 ಬರುತ್ತದೆ. ಎಂಟು ವಾರದ 53ನ್ನೂ ಹಾಗೆಯೇ ಹಾಕಿದರೆ 151. ಆ k ನಮ್ಮ ಮಣ್ಣಿನದಲ್ಲವಾದ್ದರಿಂದ 90 ಕೂಡ ಅಂದಾಜೇ, ಆದರೆ 151 ಹಿಡಿದು ಗೊಬ್ಬರ ಕಡಿಮೆ ಮಾಡಿದ್ದರೆ ಮರ ಬಡವಾಗುತ್ತಿತ್ತು.

ತೋಟದ ಮಣ್ಣಿನ ಶಾಖ 27 ಡಿಗ್ರಿ ಎಂದುಕೊಂಡರೆ, ಹತ್ತು ಡಿಗ್ರಿಗೆ ವೇಗ ಇಮ್ಮಡಿಯಾಗುವ ಲೆಕ್ಕದಲ್ಲಿ, k 0.031ಕ್ಕೆ ಇಳಿಯುತ್ತದೆ. ಆಟಿಯ ಮಳೆ ನೈಟ್ರೇಟನ್ನು ತೊಳೆದುಕೊಂಡು ಹೋಗುವುದರಿಂದ ಸೆಪ್ಟೆಂಬರ್‌ನಿಂದ ಹನ್ನೆರಡು ವಾರ ಮಾತ್ರ ಎಣಿಸಿದೆ: ಕಿಲೋಗೆ 28 ಮಿಲಿಗ್ರಾಂ. ಮುಕ್ಕಾಲು ಮೀಟರ್ ತ್ರಿಜ್ಯದ ಬುಡದಲ್ಲಿ 20 ಸೆಂಟಿಮೀಟರ್ ಆಳಕ್ಕೆ ಸುಮಾರು 460 ಕಿಲೋ ಮಣ್ಣಿದ್ದರೂ ಅದರಲ್ಲಿ ಶೇಕಡಾ 30 ಮುರಕಲ್ಲಿನ ಹರಳು. ಅದನ್ನು ಕಳೆದರೆ ಉಳಿಯುವ 320 ಕಿಲೋ ಮರಕ್ಕೆ 9 ಗ್ರಾಂ ಸಾರಜನಕ ಕೊಡುತ್ತದೆ.

ಇದನ್ನು ಶಿಫಾರಸಿನ 100 ಗ್ರಾಂನಿಂದ ನೇರವಾಗಿ ಕಳೆಯುವಂತಿಲ್ಲ, ಏಕೆಂದರೆ ಸೊಪ್ಪು ಮತ್ತು ಹಟ್ಟಿಗೊಬ್ಬರದ ಜೊತೆಗೇ ಹೇಳಿದ ಆ ಪ್ರಮಾಣದಲ್ಲಿ ಸಾಮಾನ್ಯ ಮಣ್ಣಿನ ಪಾಲು ಆಗಲೇ ಅಡಗಿದೆ. ಹಾಗಾಗಿ ಹೋಲಿಕೆಯೇ ದಾರಿ. ಸೊಪ್ಪು ಕಡಿಮೆ ಬೀಳುವ ಗುಡ್ಡೆ ಬದಿಯ ಮಣ್ಣಿನ N0 40. ಅಲ್ಲಿ ಅದೇ ಲೆಕ್ಕ 4 ಗ್ರಾಂ ಕೊಡುತ್ತದೆ. ವ್ಯತ್ಯಾಸ 5 ಗ್ರಾಂ, ಯೂರಿಯಾದಲ್ಲಿ 11 ಗ್ರಾಂ. ಗುಡ್ಡೆ ಬದಿಗೆ ಪೂರ್ತಿ ಪ್ರಮಾಣ ಉಳಿಸಿ, ಕೆಳಗಿನ ಮರಗಳಿಗೆ ಸೆಪ್ಟೆಂಬರ್ ಕಂತಿನಲ್ಲಿ ಅಷ್ಟನ್ನು ಇಳಿಸುತ್ತೇನೆ.

ಮುಂದಿನ ಯೋಜನೆ ಇದಕ್ಕೇ ಅಂಟಿಕೊಂಡಿದೆ: ಅದೇ ಮಣ್ಣನ್ನು ತೆಳು ಪಾಲಿಥೀನ್ ಚೀಲದಲ್ಲಿ ಕಟ್ಟಿ ಬುಡದಲ್ಲೇ ಹೂಳುವುದು, ಆಗ 27 ಡಿಗ್ರಿಯ ಊಹೆಯನ್ನು ಹೊಲವೇ ಪರೀಕ್ಷಿಸುತ್ತದೆ. ಚೀಲಕ್ಕೆ ತುಂಬುವ ಮಣ್ಣನ್ನು ಈ ಸಲ ಒಣಗಿಸುವುದಿಲ್ಲ.