ಕೆರೆಯ ಮನವಿ ಪತ್ರ: ಏಳನೇ ಕರಡಿಗೆ ಕೊನೆಗೂ ಒಪ್ಪಿಗೆ

ಉಡುಪಿ ಕಡೆಯ ನಮ್ಮೂರ ದೇವಸ್ಥಾನದ ಕೆರೆಯ ದುರಸ್ತಿಗೆ ಕಾಣಿಕೆ ಕೇಳುವ ಮನವಿ ಪತ್ರ ನಿನ್ನೆ ರಾತ್ರಿ ಮುಗಿಯಿತು. ಬರೆದದ್ದು ಅರ್ಧ ಪುಟ, ಹಿಡಿದದ್ದು ಐದು ವಾರ. ‘ಊರ ಪರವೂರ ಭಕ್ತಾಭಿಮಾನಿಗಳೇ’, ‘ತನು ಮನ ಧನ’ಗಳ ಜಗಳ ಕರಪತ್ರ ಬರೆಯುವ ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. (ಮೊದಲನೆಯದು ಉಳಿಯಿತು, ಎರಡನೆಯದು ಹೋಯಿತು.) ನನ್ನನ್ನು ಸತಾಯಿಸಿದ್ದು ಒಂದೇ ಸಾಲು: ಅಂದಾಜು ವೆಚ್ಚ.

ಮೊದಲ ಕರಡಿನಲ್ಲಿ ‘12 ಲಕ್ಷ’ ಅಂತಿತ್ತು. ಎಲ್ಲಿಂದ ಬಂತು ಅಂತ ಮೊಕ್ತೇಸರರನ್ನು ಕೇಳಿದೆ. “ಅಷ್ಟಾದರೂ ಬೇಕಲ್ಲ ಮಾರಾಯ್ರೆ” ಎಂದರು. ಸರಿ, ಟೇಪು ಹಿಡಿದು ಕೆರೆಗೇ ಹೋದೆ. ಉದ್ದ 60 ಅಡಿ, ಅಗಲ 45. ಬಿದಿರಿನ ಗಳ ಇಳಿಸಿದರೆ ನಾಲ್ಕಡಿ ಹೂಳು. ಅಂದರೆ 10,800 ಘನ ಅಡಿ. ಟಿಪ್ಪರಿಗೆ 200 ಹಿಡಿದರೆ 54 ಲೋಡು. ಇಲ್ಲಿಯವರೆಗೆ ಲೆಕ್ಕ ಸಲೀಸು. ತಕರಾರು ಇರುವುದು ತೆಂಕು ಬದಿಯ ಗೋಡೆಯದ್ದು.

ಅದು ಹಳೆ ಮುರಕಲ್ಲಿನ ಗೋಡೆ. ಯಾವಾಗಲೋ ಯಾರೋ ಗಟ್ಟಿಯಾಗಲಿ ಅಂತ ಸಿಮೆಂಟ್ ಸಾರಣೆ ಮಾಡಿಸಿದ್ದಾರೆ. ಕಲ್ಲಿನ ಸಂದಿಯಿಂದ ಇಳಿಯುತ್ತಿದ್ದ ಒರತೆಗೆ ದಾರಿ ಮುಚ್ಚಿತು. ಕೆರೆ ತುಂಬಿರುವಾಗ ಒಳಗಿನ ನೀರೇ ಗೋಡೆಗೆ ಒತ್ತು ಕೊಟ್ಟು ನಿಲ್ಲಿಸುತ್ತದೆ. ಕೆರೆ ನೀರು ಇಳಿದರೂ ಹಿಂದಿನ ಮಣ್ಣು ನೀರು ಬಿಡುವುದಿಲ್ಲ, ಗೋಡೆಯನ್ನು ನೂಕುತ್ತದೆ. ಈಗ ನಡುವೆ ಅಂಗೈ ಅಗಲ ಉಬ್ಬಿದೆ, ತಟ್ಟಿದರೆ ಟೊಳ್ಳು ಸದ್ದು. ಪಂಪು ಇಟ್ಟು ಒಂದೇ ದಿನ ಬತ್ತಿಸಿದರೆ ಗೋಡೆಯೇ ಕೆರೆಗೆ ಬಂದೀತು. ನಿಧಾನಕ್ಕೆ, ಗೋಡೆ ನೋಡಿಕೊಂಡೇ ಇಳಿಸಬೇಕು.

ಅಡಿಪಾಯ ಹೇಗಿದೆ? ಅದು ಹೂಳಿನೊಳಗಿದೆ. ಸರಿಯಿದ್ದರೆ ಉಬ್ಬಿದಷ್ಟು ಬಿಚ್ಚಿ ಅದೇ ಕಲ್ಲಿನಲ್ಲಿ ಕಟ್ಟಬಹುದು. ಕುಸಿದಿದ್ದರೆ 60 ಅಡಿಯ ಇಡೀ ಬದಿ ಹೊಸದು. ಖರ್ಚು ಎರಡು ಪಟ್ಟೋ ಮೂರು ಪಟ್ಟೋ. ಹಾಗಿರುವಾಗ 12 ಲಕ್ಷ ಅಂತ ಅಚ್ಚು ಹಾಕಿಸುವುದು ಹೇಗೆ?

ಆರು ಕರಡು ಇದರಲ್ಲೇ ಸತ್ತವು. ‘ಸುಮಾರು’ ಹಾಕಿದೆ, ‘ಅಂದಾಜು 8ರಿಂದ 15’ ಹಾಕಿದೆ. ಓದಿದ ಹಿರಿಯರೊಬ್ಬರು “ಇದು ಮನವಿಯೋ ಜ್ಯೋತಿಷವೋ?” ಎಂದರು. ಹೊಳೆದದ್ದು ಆಮೇಲೆ. ಗೊತ್ತಿರುವಷ್ಟಕ್ಕೆ ಮಾತ್ರ ಕೇಳುವುದು.

80ಜಿ ಆದಾಯ ತೆರಿಗೆ ರಿಯಾಯಿತಿಯ ಸಾಲೂ ಒಂದು ಜಗಳ. ಪಕ್ಕದ ಊರಿನ ಪತ್ರದಲ್ಲಿದೆ, ನಮ್ಮದರಲ್ಲೂ ಇರಲಿ ಎಂಬ ವಾದ. ದೇವಸ್ಥಾನದ ದುರಸ್ತಿಯ ಕಾಣಿಕೆಗೆ ಆ ರಿಯಾಯಿತಿ ಸಿಗಬೇಕಾದರೆ ಆ ದೇವಸ್ಥಾನ ಕೇಂದ್ರ ಸರ್ಕಾರದ ಅಧಿಸೂಚನೆಯಲ್ಲಿರಬೇಕು. ನಮ್ಮದು ಇಲ್ಲ. ಹಾಗಾದರೆ ಸುಮ್ಮನಿರುವ ಎಂದರು. ನಾನು ‘ಇಲ್ಲ’ ಅಂತಲೇ ಬರೆಸಿದೆ. ಕ್ಯೂಆರ್ ಕೋಡ್ ಅಂತೂ ಕೇಳಬೇಡಿ. ಮೊದಲು ಕೊಟ್ಟದ್ದನ್ನು ಸ್ಕ್ಯಾನ್ ಮಾಡಿದರೆ ಟ್ರಸ್ಟಿನ ಬದಲು ಖಜಾಂಚಿಯವರ ಸ್ವಂತ ಹೆಸರು ಬಂತು! ಪಾಪ, ಅವರಿಗೂ ಗೊತ್ತಿರಲಿಲ್ಲ.

ಕೊನೆಗೆ ಒಪ್ಪಿದ್ದು ಹೀಗೆ:

“ಊರ ಪರವೂರ ಭಕ್ತಾಭಿಮಾನಿಗಳಲ್ಲಿ ವಿನಂತಿ. ದೇವರ ಅವಭೃತ ನಡೆಯುವ ನಮ್ಮ ಕೆರೆಯಲ್ಲಿ ನಾಲ್ಕಡಿ ಹೂಳು ತುಂಬಿದೆ, ತೆಂಕು ಗೋಡೆ ಉಬ್ಬಿದೆ. ನೀರು ಇಳಿಸಿ ಹೂಳು ತೆಗೆಯಲು 3,40,000 ರೂಪಾಯಿ ಬೇಕು. ಕೈಯಲ್ಲಿ 1,12,000 ಇದೆ. ಈಗ ಕೇಳುತ್ತಿರುವುದು ಉಳಿದ 2,28,000 ಮಾತ್ರ. ಗೋಡೆಯ ಖರ್ಚು ಅಡಿಪಾಯ ನೋಡಿದ ಮೇಲೆಯೇ ತಿಳಿಯುತ್ತದೆ. ಆಗ ಅಂದಾಜುಪಟ್ಟಿಯನ್ನು ದೇವಸ್ಥಾನದ ಬೋರ್ಡಿಗೆ ಹಾಕಿ ಮತ್ತೆ ವಿನಂತಿಸುತ್ತೇವೆ. ಹಣ ಮಿಕ್ಕಿದರೆ ಅದು ಗೋಡೆಗೇ, ಬೇರೆ ಕೆಲಸಕ್ಕಲ್ಲ. ಪ್ರತಿ ಸಂಕ್ರಮಣದಂದು ಜಮೆ-ಖರ್ಚು ಬೋರ್ಡಿನಲ್ಲಿರುತ್ತದೆ. ಎಲ್ಲ ಕಾಣಿಕೆಗೂ ರಶೀದಿ ಕೊಡುತ್ತೇವೆ. ಆದಾಯ ತೆರಿಗೆ ರಿಯಾಯಿತಿ ಇಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಟ್ರಸ್ಟಿನ ಹೆಸರೇ ಬರಬೇಕು, ಬೇರೆ ಹೆಸರು ಬಂದರೆ ದಯವಿಟ್ಟು ಹಣ ಹಾಕಬೇಡಿ. ಕರಸೇವೆಗೆ ಬಂದರೂ ಅಷ್ಟೇ ಸಂತೋಷ.”

ಪತ್ತನಾಜೆಯೊಳಗೆ ಹೂಳು ಹೊರಗೆ ಬೀಳಬೇಕು, ಆಮೇಲೆ ಮಳೆ ಕಾಯುವುದಿಲ್ಲ. ಈ ನಡುವೆ ಭಜನಾ ಮಂದಿರದವರು ಹೊರೆಕಾಣಿಕೆಯ ಪಟ್ಟಿ ಕೇಳಿದ್ದಾರೆ. ಅದರಲ್ಲಿ ಪ್ರತಿ ಸಲ ಅಕ್ಕಿ ರಾಶಿ, ತೆಂಗಿನಕಾಯಿ ಕಡಿಮೆ. ಯಾವ ಮನೆಯಿಂದ ಏನು ಅಂತ ಮೊದಲೇ ಹಂಚುವ ಒಂದು ಹಾಳೆ ಮಾಡುವ ಆಸೆ ಇದೆ.

ಪ್ರೆಸ್ಸಿನಿಂದ ಪ್ರೂಫ್ ಈಗಷ್ಟೇ ಬಂತು. ನುಡಿ ಫಾಂಟಿನಿಂದ ಯುನಿಕೋಡಿಗೆ ಹೋಗುವಾಗ ಅರ್ಕಾವೊತ್ತು ಹಾರಿದೆ, ಅದು ಮಾಮೂಲಿ. ಆದರೆ 2,28,000 ಇದ್ದದ್ದು 22,800 ಆಗಿದೆ. ನಾಳೆ ಬೆಳಿಗ್ಗೆ ಮತ್ತೆ ಪ್ರೆಸ್ಸಿಗೆ.