ಅಣ್ಣನಿಗೆ ಎರಡೆಸಳು, ನನಗೆ ಮೂರು

ಅಣ್ಣ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಹಮಾಲರು ಕಡಿಮೆ ಬಿದ್ದ ದಿನ ಚೀಲಕ್ಕೂ ಹೆಗಲು ಕೊಡುತ್ತಾನೆ. ಹೋದ ವರ್ಷ ಜ್ವರ ಅಂತ ಹೋದಾಗ ಡಾಕ್ಟರ್ ಎದೆಯಲ್ಲಿ ಏನೋ ಸದ್ದಿದೆ ಅಂದರು. ಎಕೋ ಮಾಡಿಸಿದರೆ, ಹೃದಯದಿಂದ ಅಯೋರ್ಟಾಕ್ಕೆ, ಅಂದರೆ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳಕ್ಕೆ, ರಕ್ತ ಬಿಡುವ ವಾಲ್ವ್‌ನಲ್ಲಿ ಮೂರರ ಬದಲು ಎರಡೇ ಎಸಳು. ಹುಟ್ಟಿನಿಂದಲೇ ಹಾಗೆ. ಪರದೆ ಮೇಲೆ ಮೀನಿನ ಬಾಯಿಯಂತೆ ತೆರೆದು ಮುಚ್ಚುತ್ತಿತ್ತು.

ವಾಲ್ವ್ ಸ್ವಲ್ಪ ಸೋರುತ್ತಿತ್ತು, ಅಷ್ಟೇ. ಚಿಂತೆ ಇದ್ದದ್ದು ಅದರ ಮೇಲಿನ ಅಯೋರ್ಟಾದ್ದು. 35 ಮಿಲಿಮೀಟರ್ ಆಸುಪಾಸು ಇರಬೇಕಾದದ್ದು 46 ಆಗಿತ್ತು. ಎರಡೆಸಳಿನವರಲ್ಲಿ ಆ ನಾಳದ ಗೋಡೆಯೂ ಎಷ್ಟೋ ಸಲ ಬಲ ಕಡಿಮೆ ಇರುತ್ತದಂತೆ. ಹಿಗ್ಗುತ್ತಾ ಹೋದರೆ ಒಂದು ದಿನ ಒಳಪದರ ಸೀಳಬಹುದು. ಅಲ್ಲಿಯವರೆಗೆ ನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ.

"ಅಪ್ಪ ಹೆಂಗ ಹೋದ್ರು?" ಅಂತ ಡಾಕ್ಟರ್ ಕೇಳಿದರು. ಹೊಲದಲ್ಲಿ ಬೆನ್ನು ಹಿಡಿದುಕೊಂಡು ಕುಸಿದಿದ್ದರು. ಹಾರ್ಟ್ ಅಟ್ಯಾಕ್ ಅಂತ ಊರೆಲ್ಲ ಹೇಳಿತ್ತು, ನಾವೂ ನಂಬಿದ್ದೆವು. ಹಾರ್ಟ್ ಅಟ್ಯಾಕೋ, ಇದೇ ನಾಳ ಸೀಳಿತ್ತೋ, ಈಗ ಯಾರು ತೋರಿಸಿಕೊಡುತ್ತಾರೆ? ಆದರೂ ಡಾಕ್ಟರ್ ಬರೆದುಕೊಂಡರು. ಸಾಮಾನ್ಯವಾಗಿ 55 ಮಿಲಿಮೀಟರಿಗೆ ಆಪರೇಷನ್ ಮಾಡುತ್ತಾರೆ, ಮನೆತನದಲ್ಲಿ ನಾಳ ಸೀಳಿದವರಿದ್ದರೆ 50ಕ್ಕೇ ಯೋಚಿಸುತ್ತಾರೆ.

ಆಮೇಲೆ ಅವ್ವ, ನಾನು, ಅಣ್ಣನ ಮಕ್ಕಳು ಎಲ್ಲರೂ ಎಕೋ ಮಾಡಿಸಬೇಕು ಅಂದರು. ಇಂಥವರ ಹತ್ತಿರದ ರಕ್ತಸಂಬಂಧಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದೇ ವಾಲ್ವ್ ಇರುತ್ತದಂತೆ. ನಾನು ಊರಲ್ಲೇ ಒಂದು ಕಡೆ ಮಾಡಿಸಿದೆ. ಐದೇ ನಿಮಿಷ. "ವಾಲ್ವ್ ನಾರ್ಮಲ್, ಮೂರು ಎಸಳು." ದಾರಿಯಲ್ಲಿ ಮಿರ್ಚಿ ಮಂಡಕ್ಕಿ ತಿಂದು ಆರಾಮಾಗಿ ಮನೆಗೆ ಬಂದೆ.

ಡಾಕ್ಟರ್ ಆ ರಿಪೋರ್ಟ್ ನೋಡಿ, "ಇದರಾಗ ಬುಡದ ಅಳತಿ ಅಷ್ಟೇ ಐತಿ, ಮ್ಯಾಲಿಂದು ಎಲ್ಲೈತಿ?" ಅಂದರು. ಅಯೋರ್ಟಾ ಹೆಚ್ಚಾಗಿ ಹಿಗ್ಗುವುದು ವಾಲ್ವ್ ಪಕ್ಕದಲ್ಲಲ್ಲ, ಅದರ ಮೇಲೆ ಏರಿ ಹೋಗುವ ಭಾಗದಲ್ಲಿ. ಎದೆ ಮೇಲಿಟ್ಟು ನೋಡುವ ಪ್ರೋಬನ್ನು ಒಂದು ಪಕ್ಕೆಲುಬು ಮೇಲಕ್ಕೆ ಸರಿಸದಿದ್ದರೆ ಅದು ಸರಿಯಾಗಿ ಕಾಣುವುದೇ ಇಲ್ಲ. ಎಕೋದಲ್ಲಿ ಕಾಣದವರಿಗೆ ಸಿಟಿ ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ.

ನನ್ನನ್ನು ಎಡ ಮಗ್ಗುಲಿಗೆ ಮಲಗಿಸಿ ತಾವೇ ನೋಡಿದರು. ಬುಡ 34. ಮೇಲೆ 42. ಎಸಳು ಮೂರಿದ್ದರೂ ನಾಳ ಹಿಗ್ಗಿರಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಅವ್ವನದು, ಅಣ್ಣನ ಮಕ್ಕಳದು ವಾಲ್ವೂ ನಾಳವೂ ಸರಿ ಇದ್ದವು.

ಈಗ ನನಗೆ ಬಿಪಿ ಮಾತ್ರೆ, ವರ್ಷಕ್ಕೊಂದು ಎಕೋ. ಅಣ್ಣನಿಗೆ ಚೀಲ ಮುಟ್ಟಬಾರದು ಅಂತ ತಾಕೀತು. ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ಬಿಪಿ ಒಮ್ಮೆಲೇ ಏರಿ ಆ ಗೋಡೆಗೆ ಬಡಿಯುತ್ತದೆ. ಅವನು ಕೇಳುತ್ತಾನೋ ಇಲ್ಲವೋ, ಮಿಲ್ಲಿನವರನ್ನೇ ಕೇಳಬೇಕು.

ರಿಪೋರ್ಟ್ ಕಪಾಟಿನಲ್ಲಿಡುವಾಗ ಹೆಂಡತಿ ಕೇಳಿದಳು, "ನಿಮಗ ಐತಿ ಅಂದ್ರ, ನಮ್ಮ ಹುಡುಗರದೂ ನೋಡಿಸಬೇಕಲ್ರೀ?" ಸೋಮವಾರಕ್ಕೆ ನಂಬರ್ ಹಚ್ಚಿದ್ದೇವೆ.