ಸೀರೆ ಅಂಗಡಿಯ ಇನ್‌ಸ್ಟಾಗ್ರಾಂ ಪೇಜ್, ಕಿವಿಯಲ್ಲಿ ಕೇಳಿದಾಗ

ನಾನು ಒಂದು ಕೈಮಗ್ಗದ ಸೀರೆ ಅಂಗಡಿಯ ಇನ್‌ಸ್ಟಾಗ್ರಾಂ ಪೇಜ್ ನೋಡಿಕೊಳ್ಳುತ್ತೇನೆ. ಒಂದು ದಿನ ಕಣ್ಣು ಕಾಣದ ಗಿರಾಕಿಯೊಬ್ಬರು ಫೋನ್ ಮಾಡಿದರು. "ಮೇಡಂ, ನಿಮ್ಮ ಪೋಸ್ಟ್ ನನ್ನ ಫೋನ್ ಹೇಗೆ ಓದುತ್ತೆ, ಒಂಚೂರು ಕೇಳಿ" ಎಂದು, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿದರು. ಫೋಟೋ ಬಂದಾಗ ಸೀರೆಯ ಬಗ್ಗೆ ಒಂದು ಮಾತೂ ಇಲ್ಲ. ಆಮೇಲೆ ನಾನು ಸಾಲಾಗಿ ಹಾಕಿದ್ದ ಹೂವಿನ ಎಮೋಜಿಗಳ ಹೆಸರು ಒಂದೊಂದಾಗಿ. ಕೊನೆಗೆ ಹ್ಯಾಶ್‌ಟ್ಯಾಗ್ ಎಲ್ಲ ಸೇರಿ ಗೊಜ್ಜು. ಬೆಲೆ? ಅದು ಫೋಟೋ ಮೇಲೆ ಬರೆದಿದ್ದ ಅಕ್ಷರದಲ್ಲಿತ್ತು, ಅವರಿಗೆ ಸಿಗಲೇ ಇಲ್ಲ.

ಅವತ್ತೇ ಆ ಪೋಸ್ಟಿನ ಮೂರು ಚುಕ್ಕಿ ಒತ್ತಿ, Edit ಒಳಗೆ ಹೋಗಿ, ಫೋಟೋ ಮೇಲಿನ Edit alt text ತೆರೆದೆ. ಅಲ್ಲಿ ಬರೆದ ವಿವರಣೆಯನ್ನೇ ಫೋಟೋ ಬಂದಾಗ ಫೋನ್ ಓದುತ್ತದೆ. ಮೊದಲು ಬರೆದದ್ದು "ಸುಂದರವಾದ ಇಳಕಲ್ ಸೀರೆ". ಓದಿ ನನಗೇ ನಗು ಬಂತು. ಸುಂದರ ಅಂತ ಅಂಗಡಿಯವರು ಹೇಳದೆ ಇನ್ಯಾರು ಹೇಳ್ತಾರೆ? ಅಳಿಸಿ ಹೀಗೆ ಬರೆದೆ: "ಕಡುಹಸಿರು ಇಳಕಲ್ ಸೀರೆ, ಮಡಿಸಿ ಮೇಜಿನ ಮೇಲಿದೆ. ಅಂಗೈ ಅಗಲದ ಕೆಂಪು ಅಂಚು. ಕೆಂಪು ಟೋಪತೆನಿ ಸೆರಗಿನಲ್ಲಿ ಬಿಳಿ ಚೂಪು ತೆನೆಗಳ ಸಾಲು." ಕೌಂಟರಿನಲ್ಲಿ ನಿಂತು ಫೋನಿನಲ್ಲಿ ಗಿರಾಕಿಗೆ ಹೇಳುವ ಮಾತು ಇದೇ ಅಲ್ವಾ? "ಇದು ಒಂದು ಫೋಟೋ" ಅಂತ ಶುರು ಮಾಡಬೇಕಿಲ್ಲ, ಅದನ್ನು ಫೋನೇ ಹೇಳುತ್ತದೆ. ಬೆಲೆಯನ್ನು ಕ್ಯಾಪ್ಶನ್‌ಗೆ ತಂದೆ, ಅದು ಎಲ್ಲರಿಗೂ ಬೇಕು. ಒಂದೇ ಪೋಸ್ಟಿನಲ್ಲಿ ಐದು ಫೋಟೋ ಇದ್ದರೆ ಐದಕ್ಕೂ ಬೇರೆ ಬೇರೆ ಬರೆಯಬೇಕು. ನಾನು ಮೊದಲನೆಯದಕ್ಕೆ ಮಾತ್ರ ಬರೆದು ಮರೆತದ್ದೂ ಉಂಟು.

ಹ್ಯಾಶ್‌ಟ್ಯಾಗ್ ಕಥೆ ಬೇರೆ. ಇಂಗ್ಲಿಷಿನಲ್ಲಿ ಸುಲಭ. #ilkalsareelove ಬದಲು #IlkalSareeLove ಎಂದರೆ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. ಹುಡುಕಾಟದಲ್ಲಿ ಎರಡೂ ಒಂದೇ ಟ್ಯಾಗ್, ನಷ್ಟವಿಲ್ಲ. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿಂದ ತರೋದು? ಅದರ ಮೇಲೆ ಒತ್ತಕ್ಷರದ ಕಾಟ. "ಇಳಕಲ್", "ಸೀರೆ" ಎರಡನ್ನೂ ಅಂಟಿಸಿದರೆ #ಇಳಕಲ್ಸೀರೆ ಆಗುತ್ತದೆ, ಲಕಾರದ ಕೆಳಗೆ ಸಕಾರ ಹೋಗಿ ಕೂರುತ್ತದೆ. ಕಣ್ಣಿರುವ ನಾನೇ ತಡವರಿಸಿದೆ, ಪಾಪ ಫೋನ್ ಏನು ಮಾಡುತ್ತದೆ. ಜಾಗ ಬಿಟ್ಟರೆ, ಹೈಫನ್ ಹಾಕಿದರೆ ಟ್ಯಾಗ್ ಅಲ್ಲಿಗೇ ತುಂಡಾಗುತ್ತದೆ. ಉಳಿದದ್ದು ಅಂಡರ್‌ಸ್ಕೋರ್: #ಇಳಕಲ್_ಸೀರೆ. ಕೆಲವರ ಫೋನ್ ಆ ಗೆರೆಯ ಹೆಸರನ್ನೂ ಓದುತ್ತದೆ, ಆದರೂ ಪದ ತಿಳಿಯುತ್ತದೆ. ಒಂದು ತೊಡಕು, ಗೆರೆ ಇರುವ ಟ್ಯಾಗ್ ಮತ್ತು ಇಲ್ಲದ್ದು ಬೇರೆ ಬೇರೆ. ಹಾಗಾಗಿ ನಮ್ಮ ಅಂಗಡಿಯ ಟ್ಯಾಗ್ ಒಂದೇ ರೀತಿ ಇರಲಿ ಎಂದು ಬೋರ್ಡಿನ ಮೇಲೆ ಬರೆದು ಅಂಟಿಸಿದ್ದೇನೆ.

ಈಗ ಟ್ಯಾಗ್ ಮೂರೋ ನಾಲ್ಕೋ, ಅದೂ ಕ್ಯಾಪ್ಶನ್ ಕೊನೆಯಲ್ಲಿ. ಪೋಸ್ಟ್ ಹಾಕಿದ ಮೇಲೆ ನಾನೇ ಟಾಕ್‌ಬ್ಯಾಕ್ ಆನ್ ಮಾಡಿ, ಪರದೆ ನೋಡದೆ ಕೇಳುತ್ತೇನೆ. ಮೊದಲ ಸಲ ಆಫ್ ಮಾಡಲು ಬರದೆ ಒದ್ದಾಡಿದೆ. ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ.

ಆ ಗಿರಾಕಿ ಮುಂದಿನ ವಾರ ಮತ್ತೆ ಫೋನ್ ಮಾಡಿದರು. "ಹಸಿರು ಬೇಡ ಮೇಡಂ, ಅದೇ ಸೆರಗಿನಲ್ಲಿ ನೀಲಿ ಇದೆಯಾ?"